ಕೆಲಸ ಬಿಡುವವರ ಕೊನೆಯ ಪತ್ರ: ಭಿವಂಡಿ ಗೋದಾಮಿನಿಂದ ಹುಬ್ಬಳ್ಳಿ ಕಚೇರಿಯವರೆಗೆ

ಮುಂಬಯಿಗೆ ಸರಕು ತರುವವರು 2017ರ ಜೂನ್ ಕೊನೆಯವರೆಗೂ ನಗರದ ಗಡಿಯಲ್ಲಿ ಆಕ್ಟ್ರಾಯ್ ಕಟ್ಟಬೇಕಿತ್ತು. ಮಾಲನ್ನು ಗಡಿಯ ಹೊರಗೆ ಇರಿಸಿಕೊಂಡು ಬೇಕಾದಷ್ಟನ್ನೇ ಒಳಗೆ ಒಯ್ಯುವುದು ವ್ಯಾಪಾರಿಗಳಿಗೆ ಲಾಭದ ದಾರಿಯಾಗಿತ್ತು. ಹಾಗಾಗಿಯೇ ಮಗ್ಗದ ಊರಾದ ಭಿವಂಡಿಯ ಸುತ್ತಲಿನ ಕಾಲ್ಹೇರ್, ಪೂರ್ಣಾ, ವಲ್, ದಾಪೋಡೆ, ಮಾಣ್ಕೋಲಿ ಹಳ್ಳಿಗಳಲ್ಲಿ ಭತ್ತದ ಗದ್ದೆಗಳು ಗೋದಾಮುಗಳಾದವು. ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋದ ಮೇಲೂ ಗೋದಾಮುಗಳು ಕದಲಲಿಲ್ಲ. ರಾಜ್ಯಕ್ಕೊಂದರಂತೆ ಸಣ್ಣ ದಾಸ್ತಾನು ಇಡುತ್ತಿದ್ದ ಕಂಪನಿಗಳು ದೊಡ್ಡ ಗೋದಾಮುಗಳನ್ನೇ ಹುಡುಕಿದ್ದರಿಂದ ಈ ಪಟ್ಟಿ ಇನ್ನಷ್ಟು ಹಿಗ್ಗಿತು.

ಕರ್ನಾಟಕದ ಸಾರಿಗೆ ಸಂಸ್ಥೆಗಳಿಗೂ ಇಲ್ಲಿ ಬುಕಿಂಗ್ ಕಚೇರಿಗಳಿವೆ. ಗೋದಾಮಿನ ಗಾಳಾದಲ್ಲಿ ಕೂತು ಲಾರಿ ತುಂಬಿಸಿ ಕಳಿಸುವ ಡಿಸ್ಪ್ಯಾಚ್ ಉಸ್ತುವಾರಿ ಕಲ್ಯಾಣದಿಂದಲೋ ಡೊಂಬಿವಲಿಯಿಂದಲೋ ಬರುತ್ತಾರೆ, ಅವರ ಮೇಲಧಿಕಾರಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಈ ಕೆಲಸದಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಬಿಟ್ಟು ಹೋಗುವವರು ಬರುವವರಿಗೆ ಒಂದು ಮೇಲ್ ಬರೆಯುತ್ತಾರೆ. ಬರುವವರು ಮರಾಠಿಯವರೋ ಉತ್ತರ ಪ್ರದೇಶದವರೋ ಆಗಿದ್ದರೆ ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಅದರ ತಲೆಯಲ್ಲೋ ಬಾಲದಲ್ಲೋ ಮೇಲಧಿಕಾರಿಗಾಗಿ ಕನ್ನಡದಲ್ಲಿ ನಾಲ್ಕು ಸಾಲು ಸೇರಿಸುತ್ತಾರೆ. ಈ ಎರಡು ಬರಹಗಳಲ್ಲಿ ಏನೇನು ಇರಬೇಕು, ಯಾವುದನ್ನು ಎಲ್ಲಿಡಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಮೂರು ಪದ್ಧತಿಗಳು

ಕೆಲಸ ಒಪ್ಪಿಸುವುದಕ್ಕೆ ನಮ್ಮಲ್ಲಿ ಬೇರೂರಿದ ಪದ್ಧತಿ ಸರ್ಕಾರಿ ಕಚೇರಿಯದು. ವರ್ಗವಾದ ನೌಕರ ಚಾರ್ಜ್ ಲಿಸ್ಟ್ ಬರೆಯುತ್ತಾನೆ: ಬೀಗದ ಕೈ, ನಗದು ಪುಸ್ತಕದ ಶಿಲ್ಕು, ಕಡತಗಳು, ರಸೀದಿ ಪುಸ್ತಕಗಳು. ಸಿಟಿಸಿ ಎಂದೇ ಕರೆಯುವ ಪ್ರಭಾರ ವರ್ಗಾವಣೆ ಪತ್ರಕ್ಕೆ ಕೊಟ್ಟವರೂ ಕೊಂಡವರೂ ರುಜು ಹಾಕುತ್ತಾರೆ. ಈ ಪದ್ಧತಿಯ ಬಲ ಆ ಎರಡು ರುಜುಗಳಲ್ಲಿದೆ. ‘ನನಗೆ ಕೊಟ್ಟೇ ಇಲ್ಲ’ ಎನ್ನುವ ಮಾತಿಗೆ ಅಲ್ಲಿ ಎಡೆಯಿಲ್ಲ. ಆದರೆ ಪಟ್ಟಿ ಹೇಳುವುದು ಏನು ಇದೆ ಎಂಬುದನ್ನು ಮಾತ್ರ. ಯಾವ ಕಡತದಲ್ಲಿ ನಾಳೆಯೇ ಉತ್ತರ ಹೋಗಬೇಕು, ಹೋಗದಿದ್ದರೆ ಏನಾಗುತ್ತದೆ ಎಂಬುದು ಅದರಲ್ಲಿ ಬರುವುದಿಲ್ಲ.

ಎರಡನೆಯದು ಅಪಾಯದ ಕಾರ್ಖಾನೆಗಳ ಪಾಳಿ ಬದಲಾವಣೆ. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಬಳಿ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಬೆಂಕಿ ಬಿದ್ದು 167 ಜನ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ಕವಾಟ ಬಿಚ್ಚಿ, ಆ ಜಾಗಕ್ಕೆ ಒಂದು ತಟ್ಟೆ ಮುಚ್ಚಿಟ್ಟಿದ್ದರು. ಪಂಪಿನ ದುರಸ್ತಿಗೆ ಒಂದು ಅನುಮತಿ ಪತ್ರ, ಕವಾಟಕ್ಕೆ ಇನ್ನೊಂದು. ರಾತ್ರಿ ಇನ್ನೊಂದು ಪಂಪು ನಿಂತಾಗ ಪಾಳಿಯವರಿಗೆ ಮೊದಲ ಪತ್ರದ ವಿಷಯ ಮಾತ್ರ ಗೊತ್ತಿತ್ತು. ಕವಾಟವಿಲ್ಲದ ಪಂಪನ್ನೇ ಚಾಲೂ ಮಾಡಿದರು, ಅನಿಲ ಸೋರಿತು. ಎರಡೂ ವಿಷಯಗಳು ಕಾಗದದ ಮೇಲೆ ಇದ್ದವು. ಒಂದರ ಪಕ್ಕದಲ್ಲಿ ಇನ್ನೊಂದು ಇರಲಿಲ್ಲ, ಅಷ್ಟೇ.

ಮೂರನೆಯದು ಆಸ್ಪತ್ರೆಯದು. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ, ಪಾಳಿ ಮುಗಿಸುವ ಕಿರಿಯ ವೈದ್ಯರು ರೋಗಿಯನ್ನು ಒಪ್ಪಿಸಲು ಐ-ಪಾಸ್ ಎಂಬ ಕ್ರಮವನ್ನು ಬಳಸಿದರು. ರೋಗಿ ಎಷ್ಟು ಗಂಭೀರ, ಈವರೆಗಿನ ಕಥೆ ಏನು, ಮಾಡಬೇಕಾದ್ದು ಏನು, ಹೀಗಾದರೆ ಏನು ಮಾಡಬೇಕು ಎಂಬ ನಾಲ್ಕನ್ನು ಕೊಡುವವರು ಹೇಳುತ್ತಾರೆ. ಐದನೆಯ ಹೆಜ್ಜೆ ಕೊಂಡವರದು: ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವೈದ್ಯಕೀಯ ತಪ್ಪುಗಳು 23%ರಷ್ಟು, ತಡೆಯಬಹುದಾಗಿದ್ದ ಹಾನಿಗಳು 30%ರಷ್ಟು ಇಳಿದವು.

ಗೋದಾಮಿನ ಮೇಲ್‌ಗೆ ಈ ಮೂರೂ ಬೇಕು: ಸರ್ಕಾರಿ ಪಟ್ಟಿಯ ಎರಡು ರುಜು, ಪೈಪರ್ ಆಲ್ಫಾ ಕಲಿಸಿದ ‘ಸಂಬಂಧಪಟ್ಟದ್ದು ಒಟ್ಟಿಗಿರಲಿ’ ಎಂಬ ನಿಯಮ, ಆಸ್ಪತ್ರೆಯ ‘ಹೀಗಾದರೆ’. ಆದರೆ ನಾವು ಸಾಮಾನ್ಯವಾಗಿ ಬರೆಯುವ ಮೇಲ್‌ನಲ್ಲಿ ಈ ಮೂರೂ ಇರುವುದಿಲ್ಲ. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ವಾರಕ್ಕೊಮ್ಮೆ ಯಾವ ವರದಿ ಎಂಬ ದಿನಚರಿ ಇರುತ್ತದೆ. ಹೊಸಬರು ಆ ದಿನಚರಿಯನ್ನು ಪಕ್ಕದ ಗಾಳಾದವರನ್ನು ನೋಡಿಯೂ ಕಲಿತಾರು. ಯಾರನ್ನು ನೋಡಿಯೂ ಕಲಿಯಲಾಗದ್ದು ಅರ್ಧಕ್ಕೆ ನಿಂತ ಕೆಲಸ. ಮೇಲ್ ಬರೆಯಬೇಕಾದ್ದು ಅದನ್ನು.

ಒಂದು ಉದಾಹರಣೆ

ಒಬ್ಬ ಡಿಸ್ಪ್ಯಾಚ್ ಉಸ್ತುವಾರಿಯ ಕೊನೆಯ ದಿನ ಜುಲೈ 15 ಎಂದುಕೊಳ್ಳೋಣ. ಗೋದಾಮು ಭಿವಂಡಿಯ ಅಂಜೂರ್ ಫಾಟಾದ ಬಳಿ, ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ. ಅಂದು ಅವರ ಮೇಜಿನ ಮೇಲೆ ಮುಗಿಯದ ಐದು ವಿಷಯಗಳಿವೆ.

ಮೊದಲನೆಯದು ರಸ್ತೆಯಲ್ಲಿರುವ ಲಾರಿ. 4 ಲಕ್ಷ ರೂಪಾಯಿ ಬೆಲೆಯ ಬಟ್ಟೆ ಬೇಲುಗಳು ಜುಲೈ 14ರ ಸಂಜೆ 6ಕ್ಕೆ ಇ-ವೇ ಬಿಲ್ ಮಾಡಿಸಿ ಹುಬ್ಬಳ್ಳಿಗೆ ಹೊರಟಿವೆ. ಇ-ವೇ ಬಿಲ್‌ಗೆ 200 ಕಿ.ಮೀ.ಗೆ ಒಂದು ದಿನದಂತೆ ಆಯುಸ್ಸು. ಭಿವಂಡಿಯಿಂದ ಹುಬ್ಬಳ್ಳಿ 400 ದಾಟಿ 600ರ ಒಳಗೆ ಬರುವುದರಿಂದ ಮೂರು ದಿನ. ಮೊದಲ ದಿನ ಮುಗಿಯುವುದು ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ. ಅಂದರೆ 15ರ ಮಧ್ಯರಾತ್ರಿಗೆ ಒಂದು ದಿನ, 16ಕ್ಕೆ ಎರಡು, 17ರ ಮಧ್ಯರಾತ್ರಿಗೆ ಅವಧಿ ಮುಗಿಯಿತು. ದಾರಿ ಸುಗಮವಾಗಿದ್ದರೆ ಇದು ಧಾರಾಳ. ಜುಲೈನಲ್ಲಿ ಹಾಗಿರುವುದಿಲ್ಲ. ಮಾಣ್ಕೋಲಿ ನಾಕಾದಲ್ಲಿ ನೀರು ನಿಲ್ಲುತ್ತದೆ, ಘಾಟಿನಲ್ಲಿ ಸಂಚಾರ ಕಟ್ಟಿಕೊಳ್ಳುತ್ತದೆ, ಸಾತಾರಾದ ಆಚೆ ಎಲ್ಲೋ ಲಾರಿಯ ಕ್ಲಚ್ ಹೋಗುತ್ತದೆ.

ಅವಧಿ ವಿಸ್ತರಿಸಲು ಅವಕಾಶವಿದೆ. ಅವಧಿ ಮುಗಿಯುವ 8 ಗಂಟೆ ಮೊದಲು ಮತ್ತು ಮುಗಿದ ಮೇಲಿನ 8 ಗಂಟೆ ಮಾತ್ರ ಆ ಬಾಗಿಲು ತೆರೆದಿರುತ್ತದೆ. ನಮ್ಮ ಲಾರಿಗೆ ಅದು 17ರ ಸಂಜೆ 4ರಿಂದ 18ರ ಬೆಳಿಗ್ಗೆ 8ರವರೆಗೆ. ವಿಸ್ತರಿಸುವವರು ಲಾರಿ ಈಗ ಎಲ್ಲಿದೆ, ಇನ್ನೆಷ್ಟು ದೂರ, ತಡವಾದ ಕಾರಣ ಏನು ಎಂಬುದನ್ನು ತುಂಬಬೇಕು. ಲಾರಿ ಬದಲಾಗಿದ್ದರೆ ಪಾರ್ಟ್ ಬಿ ಭಾಗದಲ್ಲಿ ಹೊಸ ನಂಬರ್ ಹಾಕಬೇಕು. ಅವಧಿ ಮೀರಿದ ಬಿಲ್‌ನೊಂದಿಗೆ ಲಾರಿ ಸಿಕ್ಕಿಬಿದ್ದರೆ ಮಾಲು ತಡೆಹಿಡಿಯಬಹುದು. ಮಾಲಿನ ಮಾಲೀಕರೇ ಬಂದು ಬಿಡಿಸಿಕೊಂಡರೂ ದಂಡ ತೆರಿಗೆಯ 200%. ಬಟ್ಟೆಗೆ 5% ತೆರಿಗೆಯಂತೆ 4 ಲಕ್ಷಕ್ಕೆ 20,000, ದಂಡ 40,000 ರೂಪಾಯಿ. ಆ ಲಾರಿಯ ಬಾಡಿಗೆಯ ಲಾಭವೆಲ್ಲ ಅಲ್ಲಿಗೇ ಹೋಗುತ್ತದೆ.

ಎರಡನೆಯದು ಲಾಗಿನ್. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಮುಖ್ಯ ಖಾತೆ ಹುಬ್ಬಳ್ಳಿಯದು. ಶಾಖೆಗಳಿಗೆ ಅದರಡಿ ಉಪ ಬಳಕೆದಾರರ ಖಾತೆ ಮಾಡಿಕೊಡುತ್ತಾರೆ. 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಎರಡು ಹಂತದ ಪ್ರವೇಶ ಕಡ್ಡಾಯವಾಗಿದೆ. ಪಾಸ್‌ವರ್ಡ್ ಜೊತೆಗೆ ಓಟಿಪಿ ಬೇಕು, ಆ ಓಟಿಪಿ ಉಪ ಬಳಕೆದಾರರ ಹೆಸರಿಗೆ ನೋಂದಾಯಿಸಿದ ಮೊಬೈಲಿಗೇ ಬರುತ್ತದೆ. ಶಾಖೆಗಳಲ್ಲಿ ಅದು ಬಹುತೇಕ ನೌಕರರ ಸ್ವಂತ ಮೊಬೈಲ್ ಆಗಿರುತ್ತದೆ. ನೌಕರ ಹೋದ ದಿನ ಓಟಿಪಿಯೂ ಅವರ ಜೇಬಿನಲ್ಲೇ ಹೋಗುತ್ತದೆ. ಹಳೆಯ ಖಾತೆಯನ್ನು ಸ್ಥಗಿತಗೊಳಿಸಿ, ಹೊಸಬರ ಮೊಬೈಲಿಗೆ ಹೊಸ ಖಾತೆ ತೆರೆಯುವುದು ಮುಖ್ಯ ಖಾತೆಯಿಂದ ಮಾತ್ರ ಸಾಧ್ಯ. ಭಿವಂಡಿಯಲ್ಲಿ ಕೂತ ಇಬ್ಬರೂ ಎಷ್ಟೇ ಶ್ರದ್ಧೆಯವರಾದರೂ ಇದನ್ನು ಮಾಡಲಾರರು.

ಈ ಎರಡನ್ನು ಈಗ ಒಟ್ಟಿಗೆ ನೋಡಬೇಕು. ‘ಲಾರಿ ರಸ್ತೆಯಲ್ಲಿದೆ’ ಎಂಬುದು ಮೇಲ್‌ನ ಮೊದಲ ಪುಟದಲ್ಲಿ, ‘ಲಾಗಿನ್ ಬದಲಿಸಬೇಕು’ ಎಂಬುದು ಕೊನೆಯ ಪುಟದ ಐಟಿ ಪಟ್ಟಿಯಲ್ಲಿ ಇದ್ದರೆ ಎರಡೂ ಸರಿಯೇ, ಎರಡೂ ಬರಹದಲ್ಲಿವೆ. ಆದರೂ 17ರ ಸಂಜೆ ಲಾರಿ ದಾರಿಯಲ್ಲಿ ನಿಂತಾಗ ಹೊಸಬರು ಪೋರ್ಟಲ್ ತೆರೆಯಲಾರದೆ ಕೈ ಹಿಸುಕಿಕೊಳ್ಳುತ್ತಾರೆ. ಮುಖ್ಯ ಖಾತೆಯಿಂದ ಹುಬ್ಬಳ್ಳಿಯವರೇ ವಿಸ್ತರಿಸಬಹುದಿತ್ತು, ಆದರೆ ಅವರಿಗೆ ಲಾರಿಯ ವಿಷಯ ಗೊತ್ತಿಲ್ಲ. ಪೈಪರ್ ಆಲ್ಫಾದ ಎರಡು ಅನುಮತಿ ಪತ್ರಗಳ ಕಥೆ ಇದೇ. ಆದ್ದರಿಂದ ಲಾರಿಯ ಸಾಲಿನಲ್ಲೇ ಲಾಗಿನ್ ಮಾತು ಬರಬೇಕು.

ಮೂರನೆಯದು ಮಾಥಾಡಿ ಲೆಕ್ಕ. ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ ಕಾಯ್ದೆಯಡಿ ನೋಂದಾಯಿತ ಹಮಾಲರ ಕೂಲಿಯನ್ನು ಮಾಲೀಕರು ಲೆವಿ ಸಮೇತ ಮಂಡಳಿಗೆ ಕಟ್ಟುತ್ತಾರೆ, ಮಂಡಳಿ ಹಮಾಲರಿಗೆ ಕೊಡುತ್ತದೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಇದು ಪರಿಚಯವಿರುವುದಿಲ್ಲ. ಹಮಾಲರ ತೋಳಿಯ ಮುಕಾದಂ ಬಂದು ಕೇಳಿದಾಗ ಕೈಗೇ ನಗದು ಎಣಿಸಿಕೊಟ್ಟರೆ ಮಂಡಳಿಯ ಲೆಕ್ಕದಲ್ಲಿ ಬಾಕಿ ಹಾಗೆಯೇ ಉಳಿಯುತ್ತದೆ, ಅದೇ ಕೂಲಿಯನ್ನು ಎರಡನೇ ಸಲ ಕಟ್ಟಬೇಕಾಗುತ್ತದೆ. ಮೇಲ್‌ನಲ್ಲಿ ಬರೆಯಬೇಕಾದ್ದು ಕಾಯ್ದೆಯ ವಿವರಣೆಯಲ್ಲ: ಯಾವ ತಿಂಗಳವರೆಗೆ ಕಟ್ಟಿದೆ, ಜುಲೈ 1ರಿಂದ 15ರವರೆಗಿನ ಏರಿಸಿದ-ಇಳಿಸಿದ ನಗಗಳ ಲೆಕ್ಕಕ್ಕೆ ಮುಕಾದಂ ರುಜು ಆಗಿದೆಯೇ, ಆ ಪುಸ್ತಕ ಯಾವ ಕಪಾಟಿನಲ್ಲಿದೆ. ತಿಂಗಳ ನಡುವೆ ಹೋಗುವವರು ಅರ್ಧ ತಿಂಗಳ ಲೆಕ್ಕಕ್ಕೆ ಅಂದೇ ರುಜು ಹಾಕಿಸಿಬಿಡಬೇಕು. ತಿಂಗಳ ಕೊನೆಗೆ ಹೊಸಬರು ತಾವು ಕಾಣದ ಹದಿನೈದು ದಿನಗಳ ಲೆಕ್ಕವನ್ನು ಒಪ್ಪಲೂ ಆಗದು, ನಿರಾಕರಿಸಲೂ ಆಗದು.

ನಾಲ್ಕನೆಯದು ಒದ್ದೆಯಾದ ಬೇಲುಗಳು. ಫೆಬ್ರವರಿ 4ರಂದು ಬುಕ್ ಆದ ಮಾಲಿನಲ್ಲಿ 36,000 ರೂಪಾಯಿಯ ಎರಡು ಬೇಲು ನೀರು ತಾಗಿ ಕೆಟ್ಟಿವೆ ಎಂದು ವ್ಯಾಪಾರಿ ಫೋನಿನಲ್ಲಿ ಹೇಳಿದ್ದಾರೆ. ಲಿಖಿತ ನೋಟಿಸು ಬಂದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ದಾವೆ ಹೂಡಬೇಕಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸು ಮುಟ್ಟಿರಬೇಕು. ಫೆಬ್ರವರಿಗೆ 28 ದಿನಗಳಿರುವ ವರ್ಷದಲ್ಲಿ ಅದು ಆಗಸ್ಟ್ 3. ಅಷ್ಟರೊಳಗೆ ನೋಟಿಸು ಹಳೆಯ ನೌಕರರ ಮೇಲ್‌ಗೆ ಬಂದು ಬಿದ್ದರೆ, ಯಾರೂ ಓದದಿದ್ದರೂ ಅದು ಸಂಸ್ಥೆಗೆ ಮುಟ್ಟಿದಂತೆ ಎಂದು ವ್ಯಾಪಾರಿ ವಾದಿಸಬಹುದು. ಹಾಗಾಗಿ ಎಲ್‌ಆರ್ ಪ್ರತಿ, ಮಾಲು ಬಿಡಿಸಿಕೊಂಡಾಗ ಪಿಓಡಿ ಮೇಲೆ ಬರೆದ ಷರಾ, ಫೋಟೊಗಳು ಒಂದೇ ಕಡೆ ಇರಬೇಕು, ಹಳೆಯ ವಿಳಾಸಕ್ಕೆ ಬರುವ ಮೇಲ್ ಹೊಸಬರಿಗೆ ಹೋಗುವ ಏರ್ಪಾಡೂ ಆಗಬೇಕು. ಕೊಡುವುದೋ ಬಿಡುವುದೋ ಎಂಬ ತೀರ್ಮಾನ ಮಾತ್ರ ಹುಬ್ಬಳ್ಳಿಯದು.

ಐದನೆಯದು ಮಲಗಿರುವ ದಿನಾಂಕ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಂತೆ, ಬೆಂಕಿ ಆರಿಸುವ ಸಲಕರಣೆಗಳು ಸುಸ್ಥಿತಿಯಲ್ಲಿವೆ ಎಂದು ಪರವಾನಗಿ ಪಡೆದ ಸಂಸ್ಥೆಯಿಂದ ಫಾರ್ಮ್ ಬಿ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕು. ಆರು ತಿಂಗಳಿಗೊಮ್ಮೆ ಬರುವ ಇಂಥ ಕೆಲಸ ದಿನಚರಿಯ ಪಟ್ಟಿಯಲ್ಲಿ ಬರುವುದೇ ಇಲ್ಲ. ಬಟ್ಟೆ, ರಟ್ಟು, ರಾಸಾಯನಿಕ ತುಂಬಿದ ಭಿವಂಡಿಯ ಗೋದಾಮುಗಳಿಗೆ ಬೆಂಕಿ ಹೊಸದಲ್ಲ. ಇದನ್ನು ಮರೆತರೆ ಎಚ್ಚರವಾಗುವುದು ಬೆಂಕಿ ಬಿದ್ದ ಮೇಲೆಯೇ.

ಮೇಲ್‌ನ ರೂಪ

ಈ ಐದಕ್ಕೂ ಒಂದೇ ಅಚ್ಚು ಸಾಕು: ಈಗಿನ ಸ್ಥಿತಿ, ಮುಂದಿನ ಹೆಜ್ಜೆ, ಗಡುವು, ಹೀಗಾದರೆ ಏನು, ಕಾಗದ ಎಲ್ಲಿದೆ. ಗಡುವು ಹತ್ತಿರವಿರುವುದು ಮೇಲೆ, ದೂರದ್ದು ಕೆಳಗೆ. ಮೊದಲ ವಿಷಯ ಹೀಗೆ ಬರುತ್ತದೆ (ಮೂಲ ಯಾವ ಭಾಷೆಯಲ್ಲಿದ್ದರೂ ಸಾರ ಇದು):

> ವಿಷಯ: ಭಿವಂಡಿ ಡಿಸ್ಪ್ಯಾಚ್ ಚಾರ್ಜ್, ಜುಲೈ 15. ಬಾಕಿ ವಿಷಯ 5, ಮೊದಲ ಗಡುವು ಜುಲೈ 17
>
> 1. ಹುಬ್ಬಳ್ಳಿ ಲಾರಿ. ಸ್ಥಿತಿ: 14ರ ರಾತ್ರಿ ಹೊರಟಿದೆ, ಇಂದು ಬೆಳಿಗ್ಗೆ ಪುಣೆ ದಾಟಿದೆ.
> ಮುಂದೆ: 16 ಮತ್ತು 17ರಂದು ಬೆಳಿಗ್ಗೆ ಚಾಲಕರಿಗೆ ಫೋನ್ ಮಾಡಿ ಎಲ್ಲಿದ್ದಾರೆ ಕೇಳಿ.
> ಗಡುವು: ಇ-ವೇ ಬಿಲ್ 17ರ ಮಧ್ಯರಾತ್ರಿಗೆ ಮುಗಿಯುತ್ತದೆ.
> ಹೀಗಾದರೆ: 17ರ ಸಂಜೆ 4ಕ್ಕೆ ಲಾರಿ ಬೆಳಗಾವಿ ತಲುಪಿರದಿದ್ದರೆ ಆಗಲೇ ವಿಸ್ತರಿಸಿ. ನಿಮ್ಮ ಲಾಗಿನ್ ಇನ್ನೂ ಆಗಿರದಿದ್ದರೆ ಹುಬ್ಬಳ್ಳಿ ಸರ್‌ಗೆ ಫೋನ್ ಮಾಡಿ, ಮುಖ್ಯ ಖಾತೆಯಿಂದ ಮಾಡುತ್ತಾರೆ. 18ರ ಬೆಳಿಗ್ಗೆ 8ರ ನಂತರ ಆಗುವುದಿಲ್ಲ.
> ಕಾಗದ: ಎಲ್‌ಆರ್ ಮತ್ತು ಬಿಲ್ ಪ್ರತಿ ಜುಲೈ ಫೈಲಿನಲ್ಲಿ.

‘ಲಾರಿ ಮೇಲೆ ಗಮನವಿರಲಿ’ ಎಂದು ಬರೆದಿದ್ದರೆ ಹೊಸಬರಿಗೆ ಏನೂ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತಿಗೆ, ಯಾವ ಊರು, ಯಾರಿಗೆ ಫೋನ್ ಎಂಬುದಿದ್ದರೆ ಅನುಭವವಿಲ್ಲದವರೂ ಸರಿಯಾದ ಹೆಜ್ಜೆ ಇಡಬಲ್ಲರು. ಮೇಲ್ ಒಳ್ಳೆಯದೋ ಅಲ್ಲವೋ ಎಂದು ಅಳೆಯುವ ಸರಳ ಉಪಾಯವೂ ಇಲ್ಲೇ ಇದೆ: ಪ್ರತಿ ವಿಷಯದ ಎದುರು ಒಂದು ದಿನಾಂಕ ಮತ್ತು ಒಂದು ಕ್ರಿಯೆ ಇದೆಯೇ ನೋಡಬೇಕು. ಇಲ್ಲದ ಸಾಲು ಬರೀ ಮಾಹಿತಿ, ಅದನ್ನು ಕೊನೆಗೆ ಸರಿಸಬಹುದು. ಪಾಸ್‌ವರ್ಡುಗಳನ್ನು ಮಾತ್ರ ಮೇಲ್‌ನಲ್ಲಿ ಎಲ್ಲಿಯೂ ಬರೆಯಬಾರದು. ಹಳಬರ ಖಾತೆಯಲ್ಲಿ ಹೊಸಬರು ಕೆಲಸ ಮಾಡಿದರೆ, ಮುಂದೆ ತಪ್ಪಾದ ಬಿಲ್ ಯಾರದು ಎಂದು ತೀರ್ಮಾನಿಸಲು ಆಗುವುದಿಲ್ಲ, ಕೆಲಸ ಬಿಟ್ಟವರ ತಲೆಗೆ ಬರುತ್ತದೆ.

ಮೇಲಧಿಕಾರಿಗೆ ನಾಲ್ಕು ಸಾಲು

ಕನ್ನಡದ ಸಾರಾಂಶವನ್ನು ಹೆಚ್ಚಿನವರು ದೊಡ್ಡ ಮೇಲ್‌ನ ಸಂಕ್ಷೇಪವೆಂದು ತಿಳಿದು ಬರೆಯುತ್ತಾರೆ. ‘ಎಲ್ಲ ವಿಷಯ ತಿಳಿಸಿದ್ದೇನೆ, ಲಾರಿ, ಮಾಥಾಡಿ, ಕ್ಲೇಮು ವಿವರ ಮೇಲ್‌ನಲ್ಲಿದೆ, ನಿಮ್ಮ ಸಹಕಾರಕ್ಕೆ ಧನ್ಯವಾದ’ ಎಂದಿರುತ್ತದೆ. ಹುಬ್ಬಳ್ಳಿಯಲ್ಲಿ ಫೋನಿನಲ್ಲಿ ಇದನ್ನು ಓದಿದ ಮೇಲಧಿಕಾರಿ ಎಲ್ಲ ಸರಿಯಿದೆ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಅವರೇ ತೆರೆಯಬೇಕಾದ ಖಾತೆ ತೆರೆಯದೆ ಉಳಿಯುತ್ತದೆ.

ಬರುವವರಿಗೆ ಬೇಕಾದ್ದು ಮಾಡಬೇಕಾದ ಕೆಲಸ, ಮೇಲಧಿಕಾರಿಗೆ ಬೇಕಾದ್ದು ತಾವಲ್ಲದೆ ಬೇರೆಯವರು ಮಾಡಲಾಗದ ಕೆಲಸ. ಹಾಗಾಗಿ ಸಾರಾಂಶದಲ್ಲಿ ಐದು ವಿಷಯಗಳೂ ಬರಬೇಕಿಲ್ಲ. ಮಾಥಾಡಿ ಪುಸ್ತಕ, ಎಲ್‌ಆರ್ ಫೈಲು ಇರುವ ಕಪಾಟು ಅವರಿಗೆ ಬೇಡ. ಖಾತೆ, ತೀರ್ಮಾನ, ಮಂಜೂರಾತಿ ಬೇಕು. ಅದು ಹೀಗಿರಬಹುದು:

> ನಮಸ್ಕಾರ ಸರ್,
>
> ಜುಲೈ 15ರ ಸಂಜೆ ನಾನು ಭಿವಂಡಿಯ ಚಾರ್ಜ್ ಒಪ್ಪಿಸುತ್ತಿದ್ದೇನೆ. ನಿಮ್ಮಿಂದ ಮೂರು ಕೆಲಸ ಆಗಬೇಕಿದೆ.
>
> 1. ಇಂದೇ: ಇ-ವೇ ಬಿಲ್‌ನ ನನ್ನ ಉಪ ಖಾತೆ ನಿಲ್ಲಿಸಿ, ಹೊಸಬರ ಮೊಬೈಲಿಗೆ ಹೊಸ ಖಾತೆ ಮಾಡಿಕೊಡಬೇಕು. ಹುಬ್ಬಳ್ಳಿ ಲಾರಿಯ ಬಿಲ್ 17ರ ಮಧ್ಯರಾತ್ರಿಗೆ ಮುಗಿಯುತ್ತದೆ. ಅಷ್ಟರೊಳಗೆ ಖಾತೆ ಆಗದಿದ್ದರೆ ಇಲ್ಲಿಂದ ವಿಸ್ತರಿಸಲು ಬರುವುದಿಲ್ಲ.
> 2. ಜುಲೈ 25ರೊಳಗೆ: ಫಾರ್ಮ್ ಬಿ ತಪಾಸಣೆಗೆ ಖರ್ಚಿನ ಮಂಜೂರಾತಿ. ಇದೇ ತಿಂಗಳು ಸಲ್ಲಿಸಬೇಕು.
> 3. ಆಗಸ್ಟ್ 3ರೊಳಗೆ: ಒದ್ದೆಯಾದ ಎರಡು ಬೇಲಿನ (ರೂ. 36,000) ಬಗ್ಗೆ ವ್ಯಾಪಾರಿಗೆ ಏನು ಹೇಳಬೇಕೆಂದು ತಿಳಿಸಬೇಕು. ಈವರೆಗೆ ನಾನು ಯಾವ ಭರವಸೆಯನ್ನೂ ಕೊಟ್ಟಿಲ್ಲ.
>
> ಮಾಥಾಡಿ ಕೂಲಿ, ಲೆವಿ ಜೂನ್‌ವರೆಗೆ ಕಟ್ಟಿದೆ. ಜುಲೈ 15ರವರೆಗಿನ ಲೆಕ್ಕಕ್ಕೆ ರುಜು ಆಗಿದೆ.

ಈ ಸಾರಾಂಶದಲ್ಲಿ ಎರಡು ಮಾತುಗಳಿಗೆ ವಿಶೇಷ ತೂಕವಿದೆ. ‘ಯಾವ ಭರವಸೆಯನ್ನೂ ಕೊಟ್ಟಿಲ್ಲ’ ಎಂಬುದು ಮೊದಲನೆಯದು. ನೌಕರ ಹೋದ ಮೇಲೆ ‘ಅವರು ಒಪ್ಪಿದ್ದರು’ ಎಂದು ವ್ಯಾಪಾರಿಗಳು ಹೇಳುವುದು ಸಾಮಾನ್ಯ. ಬಾಯಿಮಾತಿನ ಭರವಸೆ ಕೊಟ್ಟಿದ್ದರೆ ಅದನ್ನೂ, ಕೊಟ್ಟಿರದಿದ್ದರೆ ಅದನ್ನೂ ಬರೆದಿಡುವುದು ಮೂರೂ ಜನಕ್ಕೆ ರಕ್ಷಣೆ. ಎರಡನೆಯದು ಕೊನೆಯ ಸಾಲು. ಅದರಲ್ಲಿ ಮೇಲಧಿಕಾರಿ ಮಾಡಬೇಕಾದ್ದು ಏನೂ ಇಲ್ಲ, ಆದರೆ ಹಣದ ಬಾಕಿ ಎಲ್ಲಿಗೆ ನಿಂತಿದೆ ಎಂಬುದು ಅವರಿಗೆ ಗೊತ್ತಿರಬೇಕು.

ಇದನ್ನು ಕನ್ನಡದಲ್ಲಿ ಬರೆಯುವುದರಿಂದ ಮೇಲಧಿಕಾರಿ ಒಂದೇ ಓದಿಗೆ ಹಿಡಿಯುತ್ತಾರೆ, ಹಾಗೆಯೇ ಹುಬ್ಬಳ್ಳಿಯ ಲೆಕ್ಕದ ವಿಭಾಗಕ್ಕೆ ಕಳಿಸುತ್ತಾರೆ. ಆದರೆ ಎರಡು ಭಾಷೆಗಳಲ್ಲಿ ಬರೆದಾಗ ಎರಡರಲ್ಲೂ ದಿನಾಂಕ, ಮೊತ್ತ, ವಿಷಯದ ಹೆಸರು ಒಂದೇ ಇರಬೇಕು. ಮೇಲ್‌ನಲ್ಲಿ ‘17ರ ಮಧ್ಯರಾತ್ರಿ’ ಎಂದಿದ್ದು ಸಾರಾಂಶದಲ್ಲಿ ‘18ಕ್ಕೆ’ ಎಂದಾದರೆ ಹುಬ್ಬಳ್ಳಿಯವರು ಇಡೀ 18ನೇ ತಾರೀಕು ಇದೆ ಎಂದುಕೊಳ್ಳುತ್ತಾರೆ. ಮೊದಲು ಮೇಲ್ ಮುಗಿಸಿ, ಅದನ್ನು ಎದುರಿಗಿಟ್ಟುಕೊಂಡು ಅಂಕಿಗಳನ್ನು ಅದರಿಂದಲೇ ಎತ್ತಿ ಬರೆದರೆ ಈ ತೊಂದರೆ ಬಾರದು.

ಮುಟ್ಟಿತೆಂದು ತಿಳಿಯುವುದು ಹೇಗೆ

ಮೇಲ್ ಕಳಿಸಿದ ಮಾತ್ರಕ್ಕೆ ಚಾರ್ಜ್ ಒಪ್ಪಿಸಿದಂತಾಗುವುದಿಲ್ಲ. ‘ಓಕೆ, ನೋಟೆಡ್’ ಎಂಬ ಉತ್ತರ ಬಂದರೆ ಅದು ಓದದೆಯೂ ಬರಬಹುದಾದ ಉತ್ತರ. ಆಸ್ಪತ್ರೆಯ ಐದನೆಯ ಹೆಜ್ಜೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಐದು ವಿಷಯಗಳನ್ನೂ ಗಡುವಿನೊಂದಿಗೆ ತಮ್ಮ ಮಾತಿನಲ್ಲಿ ಒಂದೊಂದು ಸಾಲು ಬರೆದು, ಮೇಲಧಿಕಾರಿಗೂ ಪ್ರತಿ ಹಾಕಿ ಉತ್ತರಿಸುವಂತೆ ಹೊಸಬರನ್ನು ಕೇಳಬೇಕು. ‘17ರ ಸಂಜೆ 4ಕ್ಕೆ ಲಾರಿ ಬೆಳಗಾವಿ ಮುಟ್ಟಿರದಿದ್ದರೆ ವಿಸ್ತರಿಸುತ್ತೇನೆ’ ಎಂದು ಅವರು ಬರೆದರೆ ವಿಷಯ ಮುಟ್ಟಿದೆ. ‘18ರ ಬೆಳಿಗ್ಗೆ ನೋಡುತ್ತೇನೆ’ ಎಂದರೆ ಮುಟ್ಟಿಲ್ಲ, ಕೊನೆಯ ದಿನವೇ ಅದನ್ನು ತಿದ್ದಬಹುದು. ಆ ಉತ್ತರವೇ ಸರ್ಕಾರಿ ಚಾರ್ಜ್ ಲಿಸ್ಟಿನ ಎರಡನೇ ರುಜು.

ಮೇಲ್ ಹೊರಲಾರದ್ದೂ ಇದೆ. ಯಾವ ಮುಕಾದಂ ಮಾತಿಗೆ ನಿಲ್ಲುತ್ತಾರೆ, ಯಾವ ಬ್ರೋಕರ್ ಮಳೆಗಾಲದಲ್ಲೂ ಲಾರಿ ಹೊಂದಿಸಿಕೊಡುತ್ತಾರೆ, ಯಾವ ವ್ಯಾಪಾರಿ ಪಿಓಡಿ ಕೊಡಲು ಸತಾಯಿಸುತ್ತಾರೆ ಎಂಬುದನ್ನು ಬರೆದಿಟ್ಟರೆ ಅದು ದೂರಾಗಬಹುದು, ಬರೆಯದಿದ್ದರೆ ಹೊಸಬರು ಕಷ್ಟಪಡುತ್ತಾರೆ. ಇದಕ್ಕೆ ಇರುವ ದಾರಿ ಇಬ್ಬರೂ ಒಟ್ಟಿಗೆ ಗೋದಾಮಿನಲ್ಲಿ ನಿಂತು ಒಂದೆರಡು ಲಾರಿ ತುಂಬಿಸಿ ಕಳಿಸುವುದು. ಹೊಸಬರು ಬರುವ ಮೊದಲೇ ಹಳಬರನ್ನು ಬಿಡುಗಡೆ ಮಾಡುವ ಸಂಸ್ಥೆಗಳು ಈ ಅವಕಾಶವನ್ನು ಕಳೆದುಕೊಳ್ಳುತ್ತವೆ, ಎಂಥ ಒಳ್ಳೆಯ ಮೇಲ್‌ ಕೂಡ ಅದನ್ನು ತುಂಬಿಕೊಡಲಾರದು. ಹೋಗುವವರು ರಾಜೀನಾಮೆ ಕೊಟ್ಟ ದಿನವೇ ಇದನ್ನು ಕೇಳಬೇಕು: ಹೊಸಬರೊಂದಿಗೆ ನನಗೆ ಎಷ್ಟು ದಿನ ಸಿಗುತ್ತದೆ? ಉತ್ತರ ‘ಒಂದೂ ಇಲ್ಲ’ ಎಂದಾದರೆ ಬಾಕಿ ವಿಷಯಗಳನ್ನು ಬರೆಯುವ ಬದಲು ಆದಷ್ಟನ್ನು ಮುಗಿಸುವುದಕ್ಕೇ ಉಳಿದ ದಿನಗಳನ್ನು ಇಡಬೇಕು. ಮಾಥಾಡಿ ರುಜು, ಫಾರ್ಮ್ ಬಿ ತಪಾಸಣೆಯಂಥವು ಹಾಗೆ ಮುಗಿಸಬಹುದಾದವು. ರಸ್ತೆಯಲ್ಲಿರುವ ಲಾರಿಯನ್ನು ಮಾತ್ರ ಯಾರಾದರೂ ಬರೆದೇ ಒಪ್ಪಿಸಬೇಕು.